28 ಮತ್ತು 38: ಬಳ್ಳಾರಿಯ ನಮ್ಮ ಜೀನ್ಸ್ ಅಂಗಡಿಯಲ್ಲಿ ನಿಂತ ಮಾಲನ್ನು ಹುಡುಕಿ ಮಾರಿದ ಬಗೆ

ನಮ್ಮದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯೂನಿಟ್. ಬಟ್ಟೆ ತಂದು, ಕಟಿಂಗ್ ಮಾಡಿಸಿ, ಹೊಲಿಸಿ, ವಾಷಿಂಗ್‌ಗೆ ಕಳಿಸಿ, ಸುತ್ತಲಿನ ಊರುಗಳ ಅಂಗಡಿಯವರಿಗೆ ಹೋಲ್‌ಸೇಲ್ ಕೊಡುತ್ತೇವೆ. ಈಚೆಗೆ ವೆಬ್‌ಸೈಟ್ ಮಾಡಿಸಿ ಬಿಡಿಯಾಗಿಯೂ ಮಾರುತ್ತಿದ್ದೇವೆ. ಆ ವರ್ಷದ ಆಷಾಢದಲ್ಲಿ ಗೋಡೌನ್ ತುಂಬಿಕೊಂಡಿತ್ತು. 214 ನಂಬರಿನ ಡಿಸೈನ್, ಅಂದರೆ ಕಡುನೀಲಿ ಬಣ್ಣದ ಸ್ಟ್ರೇಟ್ ಫಿಟ್, ರ‍್ಯಾಕಿನಿಂದ ಇಳಿಯುತ್ತಲೇ ಇರಲಿಲ್ಲ. ವೆಬ್‌ಸೈಟಿನಲ್ಲಿ 699 ರೂಪಾಯಿ ಇದ್ದದ್ದಕ್ಕೆ ಶೇ. 30 ಕಡಿಮೆ ಮಾಡಿ 489ಕ್ಕೆ ಹಾಕಿದೆ.

ಒಂದೇ ವಾರದಲ್ಲಿ ಜೋರಾಗಿ ಆರ್ಡರ್ ಬಂದವು. ಖುಷಿಯಾಯಿತು. ವಾರದ ಕೊನೆಗೆ ರ‍್ಯಾಕ್ ಮುಂದೆ ನಿಂತು ನೋಡಿದೆ. 30, 32, 34, 36 ಎಲ್ಲಾ ಖಾಲಿ. 28 ಮತ್ತು 38 ಮಾತ್ರ ಹಾಗೇ ಕೂತಿದ್ದವು. ಪೂರ್ತಿ ಬೆಲೆಗೆ ಹೋಗಬೇಕಿದ್ದ ಸೈಜುಗಳನ್ನು ನಾನೇ ಕಡಿಮೆಗೆ ಕೊಟ್ಟುಬಿಟ್ಟಿದ್ದೆ. ಹೋಗದೇ ಇದ್ದದ್ದು ಹೋಗಲೇ ಇಲ್ಲ. ಅಷ್ಟರಲ್ಲಿ ಸಿಂಧನೂರಿನ ಅಂಗಡಿಯವರೊಬ್ಬರು ಫೋನ್ ಮಾಡಿದರು. "ಏನ್ರೀ ಅಣ್ಣಾ, ನಮಗ 520ಕ್ಕ ಕೊಟ್ಟು ನೀವು ಆನ್‌ಲೈನ್‌ನಾಗ 489ಕ್ಕ ಮಾರಿದ್ರ ನಾವು ಯಾರಿಗೆ ಮಾರಬೇಕ್ರೀ?" ಅವರ ಮಾತು ಸರಿಯಾಗಿಯೇ ಇತ್ತು. ಕ್ಷಮೆ ಕೇಳಿದೆ.

ದೀಪಾವಳಿ ಮುಗಿದ ಮೇಲೆ ಕೂತು, ಆರ್ಡರ್‌ಗಳ ಹಳೇ ಲೆಕ್ಕ ತೆಗೆದು ಒಂದು ಸರಿಯಾದ ಪಟ್ಟಿ ಮಾಡಿದೆ. ಆ ಹೊತ್ತನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಹಿಂದಿನ 90 ದಿನಗಳಲ್ಲಿ ದಸರಾ, ದೀಪಾವಳಿ ಎರಡೂ ಬಂದಿದ್ದವು. ನಮ್ಮ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೇ ಕಾಲ ಇಲ್ಲ. ಆಗಲೂ ಹೋಗದ ಮಾಲು ಸೀಸನ್ ಇಲ್ಲ ಎಂಬ ನೆಪ ಹೇಳುವ ಹಾಗಿಲ್ಲ. ಇದೇ ಪಟ್ಟಿಯನ್ನು ಮೇ ತಿಂಗಳಲ್ಲಿ ಮಾಡಿದರೆ ದಪ್ಪ ಬಟ್ಟೆಯ ಎಲ್ಲಾ ಪ್ಯಾಂಟುಗಳೂ ನಿಂತ ಮಾಲಿನ ಹಾಗೆ ಕಾಣುತ್ತವೆ.

ಮೊದಲು ಬದಲಿಸಿದ್ದು ಎಣಿಸುವ ರೀತಿ. ಅಲ್ಲಿಯವರೆಗೆ ಡಿಸೈನ್ ಲೆಕ್ಕದಲ್ಲಿ ನೋಡುತ್ತಿದ್ದೆ. ಈಗ ಪ್ರತಿ ಸೈಜಿಗೂ ಒಂದು ಕೋಡ್ ಕೊಟ್ಟೆ. 214-28, 214-30, ಹೀಗೆ. ವೆಬ್‌ಸೈಟಿನಿಂದ ಆರ್ಡರ್‌ಗಳನ್ನು ಗೂಗಲ್ ಶೀಟಿಗೆ ಇಳಿಸಿ `orders` ಎಂಬ ಹಾಳೆ ಮಾಡಿದೆ. ಅದರಲ್ಲಿ ಸಾಲಾಗಿ ತಾರೀಖು, ಕೋಡ್, ಎಷ್ಟು ಪೀಸು, ಆರ್ಡರ್‌ನ ಸ್ಥಿತಿ. ಹೋಲ್‌ಸೇಲ್ ಬಿಲ್‌ಗಳನ್ನೂ ಸೈಜು ಬಿಡಿಸಿ ಅದಕ್ಕೇ ಸೇರಿಸಿದೆ. ಇನ್ನೊಂದು ಹಾಳೆಯಲ್ಲಿ ಕೋಡ್, ಈಗಿರುವ ಸ್ಟಾಕ್, ಮಾಲು ಬಂದ ತಾರೀಖು. ಆಮೇಲೆ ಈ ನಾಲ್ಕು ಕಾಲಂ:

```
D2: =MAXIFS(orders!A:A, orders!B:B, A2, orders!D:D, "completed")
E2: =SUMIFS(orders!C:C, orders!B:B, A2, orders!D:D, "completed", orders!A:A, ">="&MAX(TODAY()-90, C2))
F2: =TODAY()-MAX(C2, D2)
G2: =IF(E2=0, 9999, ROUND(B2/E2*MIN(90, TODAY()-C2)))
```

ಮೊದಲನೆಯದು ಕೊನೆಯ ಸಲ ಮಾರಿದ ದಿನ. ಎರಡನೆಯದು 90 ದಿನದಲ್ಲಿ ಮಾರಿದ್ದು, ಮಾಲು ಬಂದು ಅಷ್ಟು ದಿನ ಆಗಿರದಿದ್ದರೆ ಬಂದ ದಿನದಿಂದ ಮಾರಿದ್ದು. ಮೂರನೆಯದು ಎಷ್ಟು ದಿನದಿಂದ ಸುಮ್ನೆ ಕೂತಿದೆ ಎಂಬುದು. ನಾಲ್ಕನೆಯದು ಇದೇ ವೇಗದಲ್ಲಿ ಹೋದರೆ ಇನ್ನೆಷ್ಟು ದಿನಕ್ಕೆ ಮುಗಿಯುತ್ತದೆ ಎಂಬುದು. ನಾನು ಜಾಸ್ತಿ ನಂಬುವುದು ಈ ನಾಲ್ಕನೆಯದನ್ನೇ.

ಒಂದು ಸಲವೂ ಮಾರದ ಕೋಡ್ ಇದ್ದರೆ D ಕಾಲಂನಲ್ಲಿ ಸೊನ್ನೆ ಬರುತ್ತದೆ. ಕಾಲಂ ಅನ್ನು ತಾರೀಖಿನ ರೂಪದಲ್ಲಿ ಇಟ್ಟಿದ್ದರೆ ಶೀಟು ಅದನ್ನು 1899ರ ಡಿಸೆಂಬರ್ 30 ಎಂದು ತೋರಿಸುತ್ತದೆ. ಗಾಬರಿಯಾಗಬೇಡಿ. ಅದಕ್ಕಾಗಿಯೇ F ಕಾಲಂನಲ್ಲಿ ಮಾಲು ಬಂದ ದಿನ, ಕೊನೆಗೆ ಮಾರಿದ ದಿನ, ಇವೆರಡರಲ್ಲಿ ಈಚಿನದನ್ನು ಹಿಡಿದಿದ್ದೇನೆ. ಇಲ್ಲದಿದ್ದರೆ ನಿನ್ನೆ ಬಂದ ಹೊಸ ಮಾಲು ಸಾವಿರಾರು ದಿನದ ಹಳೇ ಮಾಲು ಎಂದು ಪಟ್ಟಿಯ ತುದಿಯಲ್ಲಿ ಕೂರುತ್ತದೆ.

G ಕಾಲಂನ `MIN` ಭಾಗವನ್ನು ಮೊದಲು ಹಾಕಿರಲಿಲ್ಲ. ಅದಕ್ಕೇ 231 ಡಿಸೈನಿನ 32 ಸೈಜು ನಿಧಾನದ ಮಾಲಿನ ಪಟ್ಟಿಗೆ ಬಂತು. ಸ್ಟಾಕ್ 18, ಮಾರಿದ್ದು 12, ಅಂದರೆ 135 ದಿನದ ಮಾಲು ಎಂದು ತೋರಿಸಿತು. ನಿಜ ಏನೆಂದರೆ ಆ ಸೈಜು ಪೂರ್ತಿ ಖಾಲಿಯಾಗಿ, ಹೊಸದಾಗಿ ಬಂದು ಬರೀ 16 ದಿನ ಆಗಿತ್ತು. ಆ 16 ದಿನದಲ್ಲೇ 12 ಹೋಗಿದ್ದವು. ಉಳಿದ 18 ಇನ್ನು 24 ದಿನಕ್ಕೆ ಮುಗಿಯುವ ಮಾಲು. ಅದನ್ನು ಕಡಿಮೆ ಬೆಲೆಗೆ ಹಾಕಿದ್ದರೆ ಆಷಾಢದ ತಪ್ಪನ್ನೇ ಮತ್ತೆ ಮಾಡಿದ ಹಾಗೆ ಆಗುತ್ತಿತ್ತು. ಇದಕ್ಕೊಂದು ನಿಯಮವಿದೆ. ಖಾಲಿ ರ‍್ಯಾಕಿಗೆ ಮಾಲು ಬಂದಾಗ ಮಾತ್ರ C ಕಾಲಂನ ತಾರೀಖು ಬದಲಿಸಬೇಕು. ಇರುವ ಮಾಲಿನ ಮೇಲೆ ಇನ್ನಷ್ಟು ಬಂದರೆ ಹಳೇ ತಾರೀಖನ್ನೇ ಬಿಡಬೇಕು.

ಇದಕ್ಕಿಂತ ದೊಡ್ಡ ಮೋಸ ವಾಪಸ್ ಬಂದ ಪಾರ್ಸಲ್‌ಗಳಿಂದ ಆಗುತ್ತಿತ್ತು. 214-38 ಮೊದಲ ಪಟ್ಟಿಯಲ್ಲಿ ಚೆನ್ನಾಗಿಯೇ ಕಂಡಿತು. 90 ದಿನದಲ್ಲಿ 11 ಮಾರಾಟ, ಕೊನೆಯದು 9 ದಿನದ ಹಿಂದೆ. ಆದರೆ ರ‍್ಯಾಕಿನಲ್ಲಿ ಎಣಿಸಿದರೆ, ಬಂದದ್ದರಲ್ಲಿ ಮಾರಿದ್ದನ್ನು ಕಳೆದು ಬರುವ ಲೆಕ್ಕಕ್ಕಿಂತ 7 ಪೀಸು ಜಾಸ್ತಿ ಇದ್ದವು. ತಮ್ಮನನ್ನು ಕೇಳಿದೆ. ಪಾರ್ಸಲ್ ಕಳಿಸಿದ ಕೂಡಲೇ ಅವನು ಆರ್ಡರನ್ನು `completed` ಮಾಡುತ್ತಿದ್ದ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ತೆಗೆದುಕೊಳ್ಳದೆ ಪಾರ್ಸಲ್ ವಾಪಸ್ ಬಂದರೆ ಪ್ಯಾಂಟನ್ನು ರ‍್ಯಾಕಿಗೆ ಇಡುತ್ತಿದ್ದ, ಆರ್ಡರ್ ಮಾತ್ರ ಹಾಗೇ ಇರುತ್ತಿತ್ತು. 11ರಲ್ಲಿ 7 ಹೀಗೆ ಬಂದವೇ. 9 ದಿನದ ಹಿಂದಿನದೂ ಅದರಲ್ಲೇ ಸೇರಿತ್ತು. ಈಗ ಕೊರಿಯರ್‌ನಿಂದ ದುಡ್ಡು ಬಂದ ಮೇಲೆಯೇ `completed` ಮಾಡುತ್ತೇವೆ. ನಿಮ್ಮಲ್ಲೂ ಎಣಿಸಿದ ಮಾಲು ಲೆಕ್ಕಕ್ಕಿಂತ ಜಾಸ್ತಿ ಸಿಕ್ಕರೆ ಮೊದಲು ಇಲ್ಲಿ ಹುಡುಕಿ.

ತಿದ್ದಿದ ಮೇಲೆ 214ರ ನಿಜವಾದ ಚಿತ್ರ ಸಿಕ್ಕಿತು. 38 ಸೈಜು 46 ಪೀಸು, 90 ದಿನದಲ್ಲಿ ಮಾರಿದ್ದು 4. ಇದೇ ವೇಗದಲ್ಲಿ 1035 ದಿನ, ಸುಮಾರು ಮೂರು ವರ್ಷ ಬೇಕು. 28 ಸೈಜು 61 ಪೀಸು, ಮಾರಿದ್ದು 9, ಅಂದರೆ 610 ದಿನ. ಒಂದು ಪ್ಯಾಂಟಿಗೆ ನಮಗೆ ಬಿದ್ದ ಖರ್ಚು 410. ಒಟ್ಟು 107 ಪೀಸಿನಲ್ಲಿ 43,870 ರೂಪಾಯಿ ಸಿಕ್ಕಿಕೊಂಡಿತ್ತು.

ಬೆಲೆ ಎಷ್ಟಕ್ಕೆ ಇಳಿಸುವುದು? 410ಕ್ಕಿಂತ ಕೆಳಗೆ ಹೋಗಬಾರದು ಎಂದು ಅಪ್ಪ ಹಟ ಹಿಡಿದರು. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಆದರೆ ಆ 410 ಖರ್ಚಾಗಿ ಹೋದ ದುಡ್ಡು. ಈಗ ಕೇಳಬೇಕಾದ್ದು, ನಾನು ಮಾರದಿದ್ದರೆ ಈ ಪ್ಯಾಂಟಿಗೆ ಬೇರೆ ಯಾರು ಎಷ್ಟು ಕೊಡುತ್ತಾರೆ ಎಂದು. ಲಾಟ್ ಎತ್ತುವ ವ್ಯಾಪಾರಿಯನ್ನು ಕೇಳಿದೆ. ಪೀಸಿಗೆ 180, ಎಲ್ಲಾ ಒಂದೇ ದಿನ, ನಗದು. ಹಾಗಾದರೆ ನನ್ನ ತಳ 180. ಆನ್‌ಲೈನ್‌ನಲ್ಲಿ ಮಾರಿದರೆ ಕೈಗೆ 180ಕ್ಕಿಂತ ಜಾಸ್ತಿ ಸಿಗಬೇಕು, ಅಷ್ಟೇ.

ಆನ್‌ಲೈನ್ ಲೆಕ್ಕ ಹೀಗಿತ್ತು. ಕೊರಿಯರ್ 70, ಪ್ಯಾಕಿಂಗ್ 12. ಐದು ಕಳಿಸಿದರೆ ಒಂದು ವಾಪಸ್ ಬರುತ್ತದೆ ಎಂದು ಹಿಡಿದರೆ ಆ ಖರ್ಚು ಮಾರಿದ ಪ್ರತಿ ಪೀಸಿನ ಮೇಲೆ ಸುಮಾರು 33. ಒಟ್ಟು 115. ಬೆಲೆಯೊಳಗೆ ಶೇ. 5 ಜಿಎಸ್‌ಟಿಯೂ ಸೇರಿರುತ್ತದೆ. 180ಕ್ಕೆ 115 ಕೂಡಿಸಿದರೆ 295, ಅದರ ಮೇಲೆ ಜಿಎಸ್‌ಟಿ ಸೇರಿ ಸುಮಾರು 310. ಅಂದರೆ ವೆಬ್‌ಸೈಟಿನಲ್ಲಿ 310ಕ್ಕಿಂತ ಕಡಿಮೆಗೆ ಮಾರುವುದಕ್ಕಿಂತ ಲಾಟಿಗೆ ಕೊಡುವುದೇ ಲೇಸು. ಈ ಒಂದು ಸಂಖ್ಯೆ ಗೊತ್ತಾದ ಮೇಲೆ ಅಪ್ಪನ ಜೊತೆ ವಾದ ನಿಂತಿತು. ಸುಮ್ನೆ ಹಂಚಿಬಿಡೋಣವೇ ಎಂದೂ ಕೇಳಿದ್ದೆವು. ಉಚಿತವಾಗಿ ಕೊಟ್ಟರೆ ಅಥವಾ ಎಸೆದರೆ ಆ ಮಾಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕು, ಕಡಿಮೆಗಾದರೂ ಮಾರಿಬಿಡಿ ಎಂದು ನಮ್ಮ ಅಕೌಂಟೆಂಟ್ ಹೇಳಿದರು.

ಈ ಸಲ ಮೊದಲ ಫೋನ್ ಹಳೇ ಅಂಗಡಿಯವರಿಗೆ. 214 ಕೊಂಡಿದ್ದ ಆರು ಜನಕ್ಕೂ 28, 38 ಎರಡನ್ನೂ 350ಕ್ಕೆ ಕೊಡುತ್ತೇನೆ, ಒಂದು ವಾರ ನೋಡಿ, ಆಮೇಲೆ ಈ ಎರಡು ಸೈಜು ಮಾತ್ರ ಆನ್‌ಲೈನ್‌ಗೆ ಹೋಗುತ್ತವೆ ಎಂದೆ. ಇಬ್ಬರು ಸೇರಿ 38ರಲ್ಲಿ 8 ಪೀಸು ತೆಗೆದುಕೊಂಡರು. 28 ಯಾರಿಗೂ ಬೇಡವಾಯಿತು. ಸಿಂಧನೂರಿನವರು ಏನೂ ಕೊಳ್ಳಲಿಲ್ಲ, ಆದರೆ "ಮೊದಲ ಹೇಳಿದ್ರಲ್ಲ, ಅಷ್ಟ ಸಾಕ್ರೀ" ಎಂದರು.

ಆಮೇಲೆ ಎರಡು ಸೈಜಿಗೂ ಬೇರೆ ಬೇರೆ ಪುಟ ಮಾಡಿ, ಹೆಸರಿನಲ್ಲೇ ಸೈಜು ಬರೆದು 499ಕ್ಕೆ ಹಾಕಿದೆ. ಮೂರು ವಾರದಲ್ಲಿ 38 ಸೈಜು 19 ಹೋದವು. 28 ಬರೀ 6. ಇಲ್ಲಿ ನನಗೆ ಕಣ್ಣು ತೆರೆಯಿತು. 38 ಬೇಕಾದವರು ಇದ್ದರು, ಅವರ ಸೈಜು ನಮ್ಮಲ್ಲಿ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. 28 ಹಾಕುವವರು ಹೆಚ್ಚಾಗಿ ಕಾಲೇಜು ಹುಡುಗರು. ಅವರಿಗೆ ಬೇಕಾದ್ದು ಬ್ಯಾಗಿ. ಸ್ಟ್ರೇಟ್ ಫಿಟ್ಟನ್ನು ಎಷ್ಟಕ್ಕೆ ಕೊಟ್ಟರೂ ಅವರು ಹಾಕುವುದಿಲ್ಲ. ಹಾಗಾಗಿ ಬೆಲೆಯನ್ನು ಮತ್ತೆ ಇಳಿಸಿದ್ದು 38ಕ್ಕೆ ಮಾತ್ರ. 399ಕ್ಕೆ ಎರಡು ವಾರದಲ್ಲಿ 13 ಹೋದವು. ಉಳಿದ 6 ಲಾಟಿಗೆ ಕೊಟ್ಟೆ. ಖರ್ಚು ಕಳೆದು 38 ಸೈಜಿನಿಂದ ಕೈಗೆ ಬಂದದ್ದು ಸುಮಾರು 14,165. ಎಲ್ಲವನ್ನೂ ಲಾಟಿಗೆ ಕೊಟ್ಟಿದ್ದರೆ 8,280 ಸಿಗುತ್ತಿತ್ತು. ನಷ್ಟ ಆಗಿದ್ದು ನಿಜ, ಆದರೆ ಹತ್ತಿರ ಹತ್ತಿರ ಆರು ಸಾವಿರ ಉಳಿಯಿತು.

28ರ ಉಳಿದ 55 ಪೀಸಿಗೆ ದಾರಿ ತೋರಿಸಿದವರು ಕಟಿಂಗ್ ಮಾಸ್ಟರ್. "ಮೊಣಕಾಲಿಗೆ ಕತ್ತರಿಸಿ ಮಡಿಸಿ ಹೊಲಿಯೋಣ, ಬೇಸಿಗಿಗೆ ಹೋಗ್ತಾವ" ಎಂದರು. ಪೀಸಿಗೆ 22 ರೂಪಾಯಿ ಖರ್ಚು. ಶಿವರಾತ್ರಿ ಹೊತ್ತಿಗೆ ರಾಯಚೂರಿನ ಅಂಗಡಿಯವರೊಬ್ಬರು ಎಲ್ಲವನ್ನೂ 230ರ ಹಾಗೆ ಎತ್ತಿದರು. ಕೈಗೆ 208 ಬಂತು, ಲಾಟಿಗಿಂತ 28 ಜಾಸ್ತಿ. ಒಟ್ಟಿಗೆ 1,540 ರೂಪಾಯಿಯ ಲಾಭಕ್ಕೆ ಮೂರು ತಿಂಗಳು ಕಾದು, ಟೇಬಲನ್ನೂ ಕಟ್ಟಿಹಾಕಿದ್ದೆವು. ಇನ್ನೊಮ್ಮೆ ಹೀಗಾದರೆ ನೇರ ಲಾಟಿಗೇ ಕೊಡುತ್ತೇನೆ.

ಈ ಮಾಲು ನಿಂತದ್ದಕ್ಕೆ ಕಾರಣ ಕಟಿಂಗ್ ಟೇಬಲ್ಲಿನಲ್ಲೇ ಇತ್ತು. ಆರು ಸೈಜು, ತಲಾ ಒಂದೊಂದು, ಹೀಗೆ ಸಮವಾಗಿ ಕತ್ತರಿಸುತ್ತಿದ್ದೆವು. ಹಿಂದೆ ಅಂಗಡಿಯವರು ಪೂರ್ತಿ ಸೆಟ್ ಒಯ್ಯುತ್ತಿದ್ದರು, ಆಗ ನಡೆಯುತ್ತಿತ್ತು. ಅವರು ನಡುವಿನ ಸೈಜು ಮಾತ್ರ ಕೇಳತೊಡಗಿದ ಮೇಲೆ ನಾವು ಸೆಟ್ ಒಡೆದು ಕೊಟ್ಟೆವು, ಕತ್ತರಿಸುವುದನ್ನು ಮಾತ್ರ ಬದಲಿಸಲಿಲ್ಲ. ಈಗ ಸ್ಟ್ರೇಟ್ ಫಿಟ್‌ನಲ್ಲಿ 28 ಕತ್ತರಿಸುವುದೇ ಇಲ್ಲ. 30ರಿಂದ 38ರವರೆಗೆ 2, 3, 3, 2, 1 ಎಂಬ ಅಳತೆ. 28 ಏನಿದ್ದರೂ ಬ್ಯಾಗಿಯಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ G ಕಾಲಂ ನೋಡಿ, 180 ದಿನ ದಾಟಿದ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಮಾಸ್ಟರ್ ಕೈಗೆ ಕೊಡುತ್ತೇನೆ. ಹೋದ ತಿಂಗಳ ಕಾಗದದಲ್ಲಿ ನಾಲ್ಕು ಕೋಡ್ ಇದ್ದವು, ಅದರಲ್ಲಿ ಮೂರು 38ರವು. ಮುಂದಿನ ಕಟಿಂಗ್‌ನಲ್ಲಿ ಆ ಡಿಸೈನುಗಳಿಗೆ 38 ಬಿಟ್ಟಿದ್ದೇವೆ.