ವಸ್ತು ಮಾರಿಯಾಯ್ತಾ? ಜಾಹೀರಾತು ಇಳಿಸಿ, ಕಳುಹಿಸಿದ ವಿಳಾಸವನ್ನೂ ಅಳಿಸಿ

ಕಳೆದ ತಿಂಗಳು ಮಂಗಳೂರಿನ ಬಿಜೈಯಲ್ಲಿ ನಮ್ಮ ಗೇಟಿನ ಮುಂದೆ ಒಂದು ಗೂಡ್ಸ್ ಟೆಂಪೋ ಬಂದು ನಿಂತಿತು. ಸುರತ್ಕಲ್‌ನಿಂದ ಬಾಡಿಗೆ ಕೊಟ್ಟು ಬಂದಿದ್ದರು, ಪಕ್ಕದ ಮನೆಯ ಅಕ್ಕ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಾಟಕ್ಕೆ ಇಟ್ಟಿದ್ದ ವಾಷಿಂಗ್ ಮೆಷಿನ್ ತೆಗೆದುಕೊಂಡು ಹೋಗಲು. ಮೆಷಿನ್ ಬೇರೆಯವರಿಗೆ ಕೊಟ್ಟು ಆಗಲೇ 12 ದಿನ ಆಗಿತ್ತು. "ಫೇಸ್‌ಬುಕ್‌ನಲ್ಲಿ ಇನ್ನೂ ಉಂಟಲ್ಲ ಅಕ್ಕ, ಲೊಕೇಶನ್ ನೀವೇ ಕಳುಹಿಸಿದ್ದು" ಎಂದು ಅವರು ಫೋನ್ ತೋರಿಸಿದಾಗ ಅಕ್ಕನಿಗೆ ಹೇಳಲು ಏನೂ ಇರಲಿಲ್ಲ. ಅವರ ಟೆಂಪೋ ಬಾಡಿಗೆ ದಂಡವಾಯಿತು. ಅವತ್ತು ಸಂಜೆ ಕೂತು ನೋಡಿದರೆ 17 ಚಾಟ್‌ಗಳಿದ್ದವು, ಅದರಲ್ಲಿ 5 ಜನರಿಗೆ ಮನೆ ವಿಳಾಸ ಹೋಗಿತ್ತು. ಇಬ್ಬರೂ ಸೇರಿ ಎಲ್ಲ ಸರಿ ಮಾಡಿದೆವು. ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಈ ಕ್ರಮದಲ್ಲೇ.

ಹಂತ 1: 'Mark as sold' ಒತ್ತಿ

ಹಣ ನಿಮ್ಮ ಖಾತೆಗೆ ಬಂದಿದೆ ಎಂದು ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ಕೊಂಡವರು ತೋರಿಸುವ ಸ್ಕ್ರೀನ್‌ಶಾಟ್ ನಂಬಿಕೊಂಡು ವಸ್ತು ಕೊಡಬೇಡಿ. ಆಮೇಲೆ ಮಾರ್ಕೆಟ್‌ಪ್ಲೇಸ್ ತೆರೆದು ನಿಮ್ಮ ಜಾಹೀರಾತುಗಳ ಪಟ್ಟಿಗೆ ಹೋಗಿ 'Mark as sold' ಒತ್ತಿ. ಟೆಂಪೋ ಗೇಟು ದಾಟುವ ಮೊದಲೇ ಇದು ಆಗಲಿ, ನಾಳೆ ಎಂದರೆ ಮರೆತೇಹೋಗುತ್ತದೆ. ಬರೀ ಅಡ್ವಾನ್ಸ್ ಬಂದಿದ್ದರೆ 'Mark as pending' ಸಾಕು.

ಕೆಲವರು ಇದನ್ನು ಮಾಡದೆ ಬೆಲೆಯನ್ನು 1 ರೂಪಾಯಿ ಮಾಡಿಬಿಡುತ್ತಾರೆ, ಇಲ್ಲವೇ ಹೆಸರಿನ ಮುಂದೆ 'ಸೋಲ್ಡ್' ಎಂದು ಬರೆದು ಸುಮ್ನೆ ಬಿಡುತ್ತಾರೆ. ಎರಡೂ ಬೇಡ. ಜಾಹೀರಾತು ಹುಡುಕಾಟದಲ್ಲಿ ಹಾಗೇ ಸಿಗುತ್ತಿರುತ್ತದೆ, 1 ರೂಪಾಯಿ ಕಂಡವರಂತೂ ಇನ್ನೂ ಜಾಸ್ತಿ ಮೆಸೇಜ್ ಮಾಡುತ್ತಾರೆ.

ಪೂರ್ತಿ ಡಿಲೀಟ್ ಮಾಡಲು ಮಾತ್ರ ಒಂದು ವಾರ ಕಾಯಿರಿ. ಒಯ್ದವರು ಏನೋ ತೊಂದರೆ ಎಂದು ವಾಪಸ್ ತಂದರೆ, ಮಾರಿದ ಗುರುತು ತೆಗೆದು ಅದೇ ಜಾಹೀರಾತನ್ನು ಮತ್ತೆ ಚಾಲೂ ಮಾಡಬಹುದು. ಡಿಲೀಟ್ ಆಗಿದ್ದರೆ ಫೋಟೋ, ವಿವರ ಎಲ್ಲ ಮೊದಲಿಂದ ಹಾಕಬೇಕು.

ಹಂತ 2: ಬೇರೆ ಕಡೆ ಹಾಕಿದ್ದನ್ನು ನೆನಪು ಮಾಡಿಕೊಳ್ಳಿ

ಅಕ್ಕ ಅದೇ ಮೆಷಿನ್ ಅನ್ನು ಓಎಲ್‌ಎಕ್ಸ್‌ನಲ್ಲೂ ಹಾಕಿದ್ದರು, ಫ್ಲ್ಯಾಟ್‌ನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದ್ದರು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ಎಲ್ಲರ ಫೋನಿನಿಂದ ಅಳಿಸಲು ಸುಮಾರು ಎರಡೂವರೆ ದಿನದ ಒಳಗೆ ಮಾತ್ರ ಸಾಧ್ಯ. ಅದು ದಾಟಿದ್ದರೆ ಹಳೆಯ ಪೋಸ್ಟಿಗೇ ರಿಪ್ಲೈ ಮಾಡಿ 'ಕೊಟ್ಟಾಯಿತು' ಎಂದು ಹಾಕಿ.

ಹಂತ 3: ಕಾಯುತ್ತಿರುವವರಿಗೆ ಹೇಳಿ

ಬರುತ್ತೇನೆ ಎಂದವರಿಗೆ, ಬೆಲೆ ಮಾತಾಡಿದವರಿಗೆ ಒಂದೇ ಸಾಲು: "ಮೆಷಿನ್ ಕೊಟ್ಟಾಯಿತು, ದಯವಿಟ್ಟು ಬರಬೇಡಿ, ಕೇಳಿದ್ದಕ್ಕೆ ಥ್ಯಾಂಕ್ಸ್." ಕಾಪಿ ಮಾಡಿಟ್ಟು ಪೇಸ್ಟ್ ಮಾಡುತ್ತಾ ಹೋದರೆ ಹತ್ತು ನಿಮಿಷದ ಕೆಲಸ. ಬರೀ 'Is this available?' ಎಂದು ಕೇಳಿ ಆಮೇಲೆ ಸುದ್ದಿಯೇ ಇಲ್ಲದವರಿಗೆ ಬೇಕಿಲ್ಲ. ಆದರೆ ವಿಳಾಸ ಹೋದವರಿಗೆ ಹೇಳಲೇಬೇಕು. ಸುರತ್ಕಲ್‌ನವರಿಗೆ ಈ ಒಂದು ಸಾಲು ಹೋಗಿದ್ದರೆ ಅಷ್ಟು ದೂರ ಬರುತ್ತಿರಲಿಲ್ಲ ಅಲ್ವಾ.

ಹಂತ 4: ಮೆಸೇಜ್ ಅಳಿಸುವುದು

ಎಲ್ಲರೂ ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಮೆಸೆಂಜರ್‌ನಲ್ಲಿ ಚಾಟ್ ಮೇಲೆ ಬೆರಳಿಟ್ಟು 'Delete' ಒತ್ತಿದರೆ ನಿಮ್ಮ ಫೋನಿನಲ್ಲಿ ಅದು ಮಾಯ. ಎದುರಿನವರ ಫೋನಿನಲ್ಲಿ ಎಲ್ಲವೂ ಹಾಗೇ ಇರುತ್ತದೆ: ನಿಮ್ಮ ಮೊಬೈಲ್ ನಂಬರ್, ಲೊಕೇಶನ್, "ಮಧ್ಯಾಹ್ನ ನಾನೊಬ್ಬಳೇ ಇರುತ್ತೇನೆ, ಆಗ ಬನ್ನಿ" ಎಂದು ಬರೆದದ್ದು ಕೂಡ. ನಿಮ್ಮ ಕಡೆ ಚಾಟ್ ಹೋದ ಮೇಲೆ ಆ ಮೆಸೇಜನ್ನು ಹಿಡಿದು ಅಳಿಸಲು ದಾರಿ ಇರುವುದಿಲ್ಲ. 'Archive' ಮಾಡಿದರೆ ಏನೂ ಅಳಿಸುವುದಿಲ್ಲ, ಮರೆಗೆ ಸರಿಯುತ್ತದೆ ಅಷ್ಟೇ. ಎದುರಿನವರು ಮತ್ತೆ ಬರೆದರೆ ಚಾಟ್ ಮೇಲೆ ಬಂದು ಕೂರುತ್ತದೆ.

ಹಾಗಾಗಿ ಮೊದಲು ಚಾಟ್ ತೆರೆಯಿರಿ. ನೀವು ಕಳುಹಿಸಿದ ವಿಳಾಸದ ಮೆಸೇಜ್ ಮೇಲೆ ಬೆರಳಿಟ್ಟು ಹಿಡಿಯಿರಿ, 'Unsend' ಒತ್ತಿ. ಎರಡು ಆಯ್ಕೆ ಬರುತ್ತದೆ: 'Unsend for everyone' ಮತ್ತು 'Unsend for you'. ಮೊದಲನೆಯದೇ ಬೇಕು. ಎರಡನೆಯದನ್ನು ಒತ್ತಿದರೆ ನಿಮಗೆ ಮಾತ್ರ ಹೋಗುತ್ತದೆ, ಅವರಿಗೆ ಉಳಿಯುತ್ತದೆ. ಅವಸರದಲ್ಲಿ ಅಕ್ಕ ಒಂದು ಚಾಟ್‌ನಲ್ಲಿ ಎರಡನೆಯದನ್ನೇ ಒತ್ತಿದರು, ಆ ವಿಳಾಸ ಈಗಲೂ ಅಲ್ಲೇ ಉಂಟು, ತೆಗೆಯಲು ಆಗಲಿಲ್ಲ. ಸರಿಯಾಗಿ ಆದರೆ ಆ ಜಾಗದಲ್ಲಿ ಮೆಸೇಜ್ ತೆಗೆದಿದ್ದೀರಿ ಎಂಬ ಸಣ್ಣ ಸಾಲು ಉಳಿಯುತ್ತದೆ, ಅದನ್ನು ನೋಡಿಯೇ ಮುಂದಕ್ಕೆ ಹೋಗಿ.

ಉದ್ದದ ಚಾಟ್ ಆಗಿದ್ದರೆ ಚಾಟ್ ಒಳಗಿನ ಹುಡುಕಾಟದಲ್ಲಿ ನಿಮ್ಮ ಮೊಬೈಲ್ ನಂಬರ್ ಟೈಪ್ ಮಾಡಿ. ಆದರೆ ಬಾಯಲ್ಲಿ ದಾರಿ ಹೇಳಿ ಕಳುಹಿಸಿದ ವಾಯ್ಸ್ ಮೆಸೇಜ್, ಗೇಟಿನ ಫೋಟೋ ಇವೆಲ್ಲ ಹುಡುಕಾಟದಲ್ಲಿ ಬರುವುದಿಲ್ಲ, ಕಣ್ಣಲ್ಲೇ ನೋಡಬೇಕು. ಅಕ್ಕನ ಒಂದು ಚಾಟ್‌ನಲ್ಲಿ ವಾರಂಟಿ ತೋರಿಸಲೆಂದು ಕಳುಹಿಸಿದ ಬಿಲ್ಲಿನ ಫೋಟೋ ಇತ್ತು, ಅದರಲ್ಲಿ ಹೆಸರು, ಡೋರ್ ನಂಬರ್, ಫೋನ್ ನಂಬರ್ ಮೂರೂ ಇದ್ದವು.

ಅಳಿಸಿದ ಮೇಲೆ ಚಾಟ್ ಡಿಲೀಟ್ ಮಾಡಿ, ಬ್ಲಾಕ್ ಮಾಡುವುದಿದ್ದರೆ ಅದೂ ಆಮೇಲೆಯೇ. ಅವರು ಮೊದಲೇ ಓದಿ ಬರೆದುಕೊಂಡಿದ್ದರೆ, ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದಕ್ಕೆ ಏನೂ ಮಾಡಲಾಗದು. ಅದಕ್ಕೇ ಮುಂದಿನ ಸಲ ಮೊದಲ ಮೆಸೇಜಿಗೇ ಲೊಕೇಶನ್ ಕಳುಹಿಸಬೇಡಿ, "ಬಿಜೈ ಚರ್ಚ್ ಹತ್ತಿರ ಬಂದು ಫೋನ್ ಮಾಡಿ" ಎನ್ನಿ.

ಎಲ್ಲ ಚಾಟ್ ಒಂದೇ ಕ್ಲಿಕ್ಕಿಗೆ ಅಳಿಸುತ್ತೇವೆ ಎನ್ನುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳೂ ಆ್ಯಪ್‌ಗಳೂ ಸಿಗುತ್ತವೆ. ಹಾಕಬೇಡಿ. 17 ಚಾಟ್ ಸ್ವಚ್ಛ ಮಾಡಲು ನಿಮ್ಮ ಫೇಸ್‌ಬುಕ್ ಖಾತೆಯನ್ನೇ ಗೊತ್ತಿಲ್ಲದವರ ಕೈಗೆ ಕೊಟ್ಟ ಹಾಗೆ ಆಗುತ್ತದೆ. ನಮಗೆ ಕೈಯಲ್ಲೇ ಮುಗಿಸಲು ಮುಕ್ಕಾಲು ಗಂಟೆ ಸಾಕಾಯಿತು.

ಅಳಿಸಬಾರದ ಎರಡು ಬಗೆಯ ಚಾಟ್

ಒಂದು, ನಿಜವಾಗಿ ಕೊಂಡವರ ಚಾಟ್. ಒಪ್ಪಿದ ಬೆಲೆ, ಕೊಟ್ಟ ದಿನ, ವಸ್ತುವಿನ ಕೊರತೆ ಬಗ್ಗೆ ನೀವು ಮೊದಲೇ ಹೇಳಿದ್ದು ಎಲ್ಲ ಅದರಲ್ಲಿರುತ್ತದೆ. ಅಕ್ಕ ಡ್ರೈಯರ್ ಶಬ್ದ ಮಾಡುತ್ತದೆ ಎಂದು ಬರೆದೇ ಮಾರಿದ್ದರು, ಆ ಚಾಟ್ ಒಂದು ಮೂರು ತಿಂಗಳು ಇರಲಿ ಎಂದೆ. ಮೊಬೈಲ್ ಮಾರಿದ್ದರೆ ಇನ್ನೂ ಜಾಸ್ತಿ ದಿನ ಇಡಿ, ಸ್ಕೂಟರ್ ಆಗಿದ್ದರೆ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಮುಟ್ಟಲೇಬೇಡಿ. ಯುಪಿಐ ರಶೀದಿಯ ಸ್ಕ್ರೀನ್‌ಶಾಟ್ ಜೊತೆಗಿರಲಿ.

ಇನ್ನೊಂದು, ಮೋಸದ ಚಾಟ್. 17ರಲ್ಲಿ ಒಬ್ಬ ಮಿಲಿಟರಿಯವನು ಎಂದು ಹೇಳಿಕೊಂಡು, ನೋಡದೆಯೇ ಬೆಲೆ ಒಪ್ಪಿ, ಹಣ ಪಡೆಯಲು ಸ್ಕ್ಯಾನ್ ಮಾಡಿ ಎಂದು ಕ್ಯೂಆರ್ ಕೋಡ್ ಕಳುಹಿಸಿದ್ದ. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಹಾಕಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಅಂಥ ಚಾಟ್ ಸಿಕ್ಕಿದರೆ ಪ್ರೊಫೈಲ್ ಹೆಸರು, ಕ್ಯೂಆರ್, ಫೋನ್ ನಂಬರ್ ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ಹಣ ಹೋಗಿಬಿಟ್ಟಿದ್ದರೆ ಏನನ್ನೂ ಅಳಿಸದೆ ಕೂಡಲೇ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲೂ ದೂರು ಕೊಡಿ.

ಹಂತ 5: ವಾರದ ನಂತರ

ಈಗ ಜಾಹೀರಾತನ್ನು ಡಿಲೀಟ್ ಮಾಡಿ. ಮಾರಾಟ ಆಯಿತೇ ಎಂದು ಕೇಳಿದರೆ ಇದ್ದದ್ದನ್ನು ಒತ್ತಿ. ಅದಕ್ಕೂ ಮೊದಲು ಜಾಹೀರಾತಿನ ಪುಟವನ್ನು ಒಂದು ಸ್ಕ್ರೀನ್‌ಶಾಟ್ ತೆಗೆದು ಕೊಂಡವರ ಚಾಟ್ ಜೊತೆಗೆ ಇಟ್ಟುಕೊಳ್ಳಿ, ಏನು ಬರೆದು ಮಾರಿದ್ದಿರಿ ಎಂದು ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.