ನಾಳೆ ಬರುತ್ತದೆ ಎಂದು ಬರೆಯುವ ಮುಂಚೆ

ನಮ್ಮ ಗುಂಪಿನಲ್ಲಿ 22 ರೈತರಿದ್ದೇವೆ. ಪ್ರತಿ ಶನಿವಾರ ಬೆಳಿಗ್ಗೆ ನಗರದ ಮನೆಗಳಿಗೆ ನೇರವಾಗಿ ತರಕಾರಿ ಕೊಡುತ್ತೇವೆ. ಆರ್ಡರ್ ತಗೊಳ್ಳುವುದು, ಉತ್ತರ ಕೊಡುವುದು ಎಲ್ಲಾ ವಾಟ್ಸ್‌ಆ್ಯಪ್‌ನಲ್ಲೇ. ಮೊದಲಿನಿಂದಲೂ ಆ ಫೋನ್ ನನ್ನ ಕೈಯಲ್ಲಿದೆ.

ಮೊದಲ ವರ್ಷದ ಒಂದು ವಾರ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಮೂರು ರೈತರು ಸೇರಿ 60 ಕೆಜಿ ಬೀನ್ಸ್ ಸಿಗುತ್ತದೆ ಎಂದಿದ್ದರು. ನಾನು ಪಟ್ಟಿಯಲ್ಲಿ 60 ಎಂದೇ ಹಾಕಿದೆ. 56 ಕೆಜಿಗೆ ಆರ್ಡರ್ ಬಂತು. ಗುರುವಾರ ರಾತ್ರಿ ಮಳೆ ಸುರಿಯಿತು. ಶುಕ್ರವಾರ ಕೊಯ್ದಾಗ ಒಳ್ಳೆಯ ಕಾಯಿ ಸಿಕ್ಕಿದ್ದು 38 ಕೆಜಿ. ಯಾರಿಗೂ ಇಲ್ಲ ಅನ್ನಬಾರದು ಅಂತ, ಇದ್ದದ್ದನ್ನೇ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಹಾಕಿ ಕಳಿಸಿದೆವು. ದುಡ್ಡಿನ ಲೆಕ್ಕ ಮುಂದಿನ ವಾರ ಸರಿ ಮಾಡೋಣ ಎಂದುಕೊಂಡೆವು. ಗಿರಾಕಿಗಳಿಗೆ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಒಬ್ಬರು ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅದನ್ನು ನೋಡಿ ಉಳಿದವರೂ ತೂಗಿದರು. ಸಂಜೆಯ ಹೊತ್ತಿಗೆ ನಮ್ಮನ್ನು ತೂಕದಲ್ಲಿ ಮೋಸ ಮಾಡುವವರು ಎಂದು ಕರೆದಾಗಿತ್ತು. ಅವರ ತಪ್ಪಲ್ಲ. ಮಳೆ ಬಂದಿದ್ದು ಅವರಿಗೆ ಗೊತ್ತಿಲ್ಲ, ಪೊಟ್ಟಣ ಹಗುರ ಇದ್ದದ್ದು ಮಾತ್ರ ಗೊತ್ತು. ಆ ತಿಂಗಳು 11 ಮನೆಗಳು ಆರ್ಡರ್ ನಿಲ್ಲಿಸಿದವು.

ಆಮೇಲೆ ನಾವು ಮೊದಲು ಬದಲಾಯಿಸಿದ್ದು ಪಟ್ಟಿ ಹಾಕುವ ರೀತಿಯನ್ನು. ರೈತರು ಬುಧವಾರ ಸಂಜೆ ಹೊಲದಲ್ಲಿ ಓಡಾಡಿ ಅಂದಾಜು ಹೇಳುತ್ತಾರೆ. ಅದರ ಮುಕ್ಕಾಲು ಭಾಗವನ್ನು ಮಾತ್ರ ನಾನು ಗಿರಾಕಿಗಳಿಗೆ ತೋರಿಸುತ್ತೇನೆ. 60 ಎಂದರೆ 45. ಅಷ್ಟಕ್ಕೆ ಆರ್ಡರ್ ತುಂಬಿದರೆ ಆ ತರಕಾರಿಯನ್ನು ಪಟ್ಟಿಯಿಂದ ತೆಗೆಯುತ್ತೇನೆ. ಗುರುವಾರ ರಾತ್ರಿ 8ಕ್ಕೆ ಪಟ್ಟಿ ಮುಚ್ಚುತ್ತದೆ, ಶುಕ್ರವಾರ ಮಧ್ಯಾಹ್ನ ಕೊಯ್ಲು. ಕೊಯ್ದು ತೂಗಿದ ಮೇಲೆ ಹೆಚ್ಚು ಉಳಿದರೆ, ಸಂಜೆ 5ಕ್ಕೆ ಇನ್ನೊಂದು ಚಿಕ್ಕ ಪಟ್ಟಿ ಹಾಕುತ್ತೇವೆ. ಆಗ ಮಾಲು ಕಣ್ಣೆದುರಿಗೇ ಇರುತ್ತದೆ. ಅದೂ ಮಿಕ್ಕರೆ ಸಗಟು ವ್ಯಾಪಾರಿಗೆ ಹೋಗುತ್ತದೆ. ರೈತರಿಗೆ ಮೊದಲು ಇದು ಇಷ್ಟವಾಗಲಿಲ್ಲ. ಒಳ್ಳೆ ಬೆಲೆಗೆ ಹೋಗುವ ಮಾಲನ್ನು ಸುಮ್ನೆ ಯಾಕೆ ಬಿಡಬೇಕು ಎಂದರು. ನಾಲ್ಕು ವಾರ ಅಂದಾಜು ಎಷ್ಟಿತ್ತು, ಕೊಯ್ದದ್ದು ಎಷ್ಟು ಎಂದು ಬರೆದು ತೋರಿಸಿದೆ. ಆಮೇಲೆ ಒಪ್ಪಿದರು.

ಮುಕ್ಕಾಲು ಹಾಕಿದರೂ ಕೆಲವೊಮ್ಮೆ ಕೊರತೆ ಬರುತ್ತದೆ. ಎರಡನೇ ವರ್ಷ 45 ಕೆಜಿ ಆರ್ಡರ್ ತಗೊಂಡ ವಾರ 36 ಕೆಜಿ ಬಂತು. ಈ ಸಲ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಮೊದಲು ಆರ್ಡರ್ ಮಾಡಿದವರಿಗೆ ಪೂರ್ತಿ ತೂಕ. ಕೊನೆಯ 9 ಕೆಜಿ ಕೇಳಿದ್ದ 18 ಮನೆಗಳಿಗೆ ಶುಕ್ರವಾರ ಸಂಜೆ 6ರೊಳಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಬರೆದೆ: “ನೀವು ಕೇಳಿದ ಅರ್ಧ ಕೆಜಿ ಬೀನ್ಸ್ ಈ ವಾರ ಇಲ್ಲ. ಮಳೆಗೆ ಕಾಯಿ ಹಾಳಾಗಿದೆ. ಬದಲಿಗೆ ಕ್ಯಾರೆಟ್ ಇದೆ, ಬೇಕಿದ್ದರೆ ರಾತ್ರಿ 9ರೊಳಗೆ ಹೇಳಿ. ಉತ್ತರ ಬರದಿದ್ದರೆ ದುಡ್ಡು ಇವತ್ತೇ ವಾಪಸ್ ಹಾಕುತ್ತೇವೆ.” ಜೊತೆಗೆ ಅವತ್ತಿನ ಹೊಲದ ಫೋಟೋ ಕಳಿಸಿದೆ. 12 ಜನ ಕ್ಯಾರೆಟ್ ಒಪ್ಪಿದರು, ಆರು ಜನರಿಗೆ ಅದೇ ರಾತ್ರಿ ದುಡ್ಡು ಹೋಯಿತು. ಒಬ್ಬರೂ ಬಿಟ್ಟು ಹೋಗಲಿಲ್ಲ.

ಉತ್ತರ ಕೊಡದವರಿಗೆ ಬದಲಿ ತರಕಾರಿ ಹಾಕಲೇಬಾರದು. ಕೇಳದ್ದನ್ನು ಕೊಟ್ಟರೆ ಮಿಕ್ಕಿದ್ದನ್ನು ತುಂಬಿ ಕಳಿಸಿದ್ದಾರೆ ಅಂತಲೇ ಅನ್ನಿಸುತ್ತದೆ. ಮತ್ತೆ, ಸುದ್ದಿ ಹಿಂದಿನ ಸಂಜೆಯೇ ಹೋಗಬೇಕು. ಅಡುಗೆಗೆ ಬೇರೆ ಏನಾದರೂ ತರಲು ಅವರಿಗೆ ಹೊತ್ತಿರಬೇಕಲ್ವಾ?

ಸಮಯದ ಮಾತೂ ಹಾಗೇ. “ಬೆಳಿಗ್ಗೆ 7ಕ್ಕೆ ನಿಮ್ಮ ಮನೆಯಲ್ಲಿ” ಎಂದು ಬರೆದಿದ್ದೆ. ಒಂದು ಗಾಡಿ, 40 ಮನೆ. ಗೇಟಿನಲ್ಲಿ ನಿಲ್ಲುವುದು, ಮೆಟ್ಟಿಲು, ಚೀಲ ವಾಪಸ್ ತಗೊಳ್ಳುವುದು ಸೇರಿ ಒಂದೊಂದು ಮನೆಗೆ ನಾಲ್ಕು ನಿಮಿಷ. ಅದೇ 2 ಗಂಟೆ 40 ನಿಮಿಷ ಆಯಿತು. ಮನೆಯಿಂದ ಮನೆಗೆ ಓಡಾಟಕ್ಕೆ ಸುಮಾರು ಒಂದು ಗಂಟೆ. ಎಲ್ಲರಿಗೂ 7 ಎನ್ನುವುದು ಆಗುವ ಮಾತೇ ಅಲ್ಲ. ಈಗ 7ರಿಂದ 11 ಎಂದು ಬರೆಯುತ್ತೇವೆ, ಜೊತೆಗೆ ಪ್ರತಿ ಮನೆಗೂ ಒಂದು ಸಂಖ್ಯೆ. “ನಿಮ್ಮದು 23ನೇ ಮನೆ” ಎಂದು ಶುಕ್ರವಾರವೇ ಹೇಳಿರುತ್ತೇವೆ. ಗಾಡಿಯವನು 10ನೇ, 20ನೇ, 30ನೇ ಮನೆ ಮುಗಿದಾಗ ಒಂದು ಸಾಲು ಹಾಕುತ್ತಾನೆ. ಎಲ್ಲಿ ಬಂದಿರಿ ಎನ್ನುವ ಫೋನು ಬಹುತೇಕ ನಿಂತೇ ಹೋಯಿತು.

ಈ ಸುದ್ದಿ ಎಲ್ಲರಿಗೂ ಮುಟ್ಟಬೇಕಲ್ಲ, ಅದಕ್ಕೂ ಪೆಟ್ಟು ತಿಂದೆವು. ಮಾಮೂಲಿ ಗ್ರೂಪಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಯಾರೋ ಅಲ್ಲಿಂದ ನಂಬರ್ ತಗೊಂಡು ಜಾಹೀರಾತು ಕಳಿಸತೊಡಗಿದರು. ಬ್ರಾಡ್‌ಕಾಸ್ಟ್ ಲಿಸ್ಟಿಗೆ ಬದಲಾದೆವು. ಅದು ನಮ್ಮ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಕೆಲವರಿಗೆ ಪಟ್ಟಿಯೇ ಹೋಗುತ್ತಿರಲಿಲ್ಲ, ಅವರು ನಾವು ಮರೆತೆವು ಅಂದುಕೊಂಡಿದ್ದರು. ಈಗ ಕಮ್ಯುನಿಟಿಯ ಪ್ರಕಟಣೆ ಗ್ರೂಪು ಬಳಸುತ್ತೇವೆ. ಅಲ್ಲಿ ಪಟ್ಟಿ, ಸುದ್ದಿ ಹಾಕುವುದು ಅಡ್ಮಿನ್‌ಗಳು ಮಾತ್ರ, ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ.

ಆದರೆ ದೂರು ಯಾರಿಗೂ ಕಾಣದಂತೆ ಮಾಡಲು ಇದನ್ನು ಬಳಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ಪ್ರತಿ ಭಾನುವಾರ ನಾನೇ ಎಲ್ಲರಿಗೂ ಬರೆಯುತ್ತೇನೆ: ಈ ವಾರ ಯಾವುದು ಕಡಿಮೆ ಬಿತ್ತು, ಎಷ್ಟು ಮನೆಗೆ ತಡವಾಯಿತು, ಎಷ್ಟು ದುಡ್ಡು ವಾಪಸ್ ಹೋಯಿತು. ತಪ್ಪೇ ಇಲ್ಲದ ವಾರವೂ ಹಾಗೇ ಬರೆಯುತ್ತೇನೆ.

ಔಷಧಿ ವಿಷಯದಲ್ಲೂ ಇದೇ ಲೆಕ್ಕ. “ವಿಷಮುಕ್ತ” ಎಂದು ಬರೆಯುವುದನ್ನು ಬಿಟ್ಟೆವು. 22 ಹೊಲದಲ್ಲಿ ಯಾವತ್ತೂ ಏನೂ ಹೊಡೆಯುವುದಿಲ್ಲ ಎಂದು ನಾನು ಹೇಗೆ ಮಾತು ಕೊಡಲಿ? ಟೊಮೆಟೊಗೆ ಕಾಯಿಕೊರಕ ಹುಳ ಬಿದ್ದಾಗ ಒಬ್ಬರು ಔಷಧಿ ಹೊಡೆದರು. ಡಬ್ಬಿಯ ಮೇಲೆ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು ಬರೆದಿರುತ್ತದೆ. ಅಷ್ಟು ದಿನ ಅವರ ಟೊಮೆಟೊ ಪಟ್ಟಿಗೆ ಬರಲಿಲ್ಲ. ಮತ್ತೆ ಬಂದಾಗ ಯಾವ ಔಷಧಿ, ಯಾವ ದಿನ ಹೊಡೆದದ್ದು ಎಂದು ಬರೆದೇ ಹಾಕಿದೆ. ಆ ವಾರ ಟೊಮೆಟೊ ಆರ್ಡರ್ ಸುಮಾರು ಅರ್ಧಕ್ಕೆ ಇಳಿಯಿತು. ಮೂರು ವಾರದಲ್ಲಿ ಮೊದಲಿನಷ್ಟಾಯಿತು. ಆ ರೈತರಿಗಾದ ನಷ್ಟವನ್ನು ಗುಂಪಿನ ಹಣದಿಂದ ಸ್ವಲ್ಪ ತುಂಬಿದೆವು. ಇಲ್ಲದಿದ್ದರೆ ಮುಂದಿನ ಸಲ ಯಾರೂ ನನಗೆ ನಿಜ ಹೇಳುವುದಿಲ್ಲ.

ಸೊಪ್ಪಿನ ಸಮಸ್ಯೆ ಮಾತ್ರ ಇನ್ನೂ ಬಗೆಹರಿದಿಲ್ಲ. ಬಿಸಿಲು ಜಾಸ್ತಿ ಇರುವ ತಿಂಗಳುಗಳಲ್ಲಿ 30ನೇ ಮನೆ ಮುಟ್ಟುವಷ್ಟರಲ್ಲಿ ಅದು ಬಾಡುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ನೋಡಿದೆವು. ಮೊದಲ ಎರಡು ಗಂಟೆ ಪರವಾಗಿಲ್ಲ, ಆಮೇಲೆ ಅಡಿಯಲ್ಲಿದ್ದ ಸೊಪ್ಪು ಬಿಸಿಯಾಗಿ ಹಳದಿ ತಿರುಗುತ್ತದೆ. ಸದ್ಯಕ್ಕೆ ಆ ತಿಂಗಳುಗಳಲ್ಲಿ 25ನೇ ಮನೆಯ ನಂತರದವರಿಗೆ ಸೊಪ್ಪಿನ ಆರ್ಡರ್ ತಗೊಳ್ಳುತ್ತಿಲ್ಲ. ಯಾಕೆ ಎಂದು ಅವರಿಗೆ ಬರೆದಿದ್ದೇವೆ.