ಮಾತ್ರೆ ಹಂಚುತ್ತಿದ್ದವಳು ಬಸಿರಾದಾಗ

ಕುಮಟಾ ತಾಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ಎಂಟು ವರ್ಷಗಳಿಂದ ಬಸುರಿಯರಿಗೆ ಒಂದೇ ಮಾತು ಹೇಳುತ್ತಾ ಬಂದಿದ್ದೆ: ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಿ, ಖಾರ ಕಡಿಮೆ ಮಾಡಿ. ಅವರು ತಲೆಯಾಡಿಸುತ್ತಿದ್ದರು, ನಾನು ತಾಯಿ ಕಾರ್ಡಿನಲ್ಲಿ ಬರೆದು ಮುಗಿಸುತ್ತಿದ್ದೆ. ಆ ಮಾತು ಎಷ್ಟು ಅರ್ಧಂಬರ್ಧ ಎಂಬುದು ನಾನೇ ಬಸಿರಾದ ಏಳನೆಯ ವಾರದಲ್ಲಿ, ಶಿರಸಿಯ ತವರಿನಿಂದ ಹಿಂದಿರುಗುವಾಗ, ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ ನಿಲ್ಲಿಸಿ ಇಳಿದಾಗ ಗೊತ್ತಾಯಿತು. ವಾಂತಿಯಾದದ್ದು ಬರೀ ಹಳದಿ ನೀರು. ಘಟ್ಟದಲ್ಲಿ ಹೊಟ್ಟೆ ತೊಳಸಬಾರದೆಂದು ಬೆಳಿಗ್ಗೆ ಏನೂ ತಿನ್ನದೆ ಹೊರಟಿದ್ದೆ. ತಪ್ಪು ಅಲ್ಲೇ ಇತ್ತು.

ಖಾಲಿ ಹೊಟ್ಟೆ ಸಂಕಟವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಆರಕ್ಕೆ ಏಳುವ ಹೊತ್ತಿಗೆ ಹೊಟ್ಟೆಯಲ್ಲಿ ಉಳಿದಿರುವುದು ಆಮ್ಲ ಮಾತ್ರ. ಬೆಳಗಿನ ಸಂಕಟ ಅಷ್ಟು ಜೋರಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮಲಗುವ ಜಾಗದ ಪಕ್ಕದಲ್ಲೇ ಒಂದು ಡಬ್ಬಿ ಇಟ್ಟುಕೊಂಡೆ. ಅದರಲ್ಲಿ ಭತ್ತದ ಅರಳು, ಕೆಲವು ದಿನ ಹುರಿದ ಅವಲಕ್ಕಿ. ಎಚ್ಚರವಾದ ಕೂಡಲೇ ಏಳದೆ, ಅರ್ಧ ಒರಗಿಕೊಂಡು ಒಂದು ಹಿಡಿ ಅರಳನ್ನು ನಿಧಾನವಾಗಿ ಅಗಿಯುತ್ತಿದ್ದೆ. ನೀರಿಲ್ಲ, ಚಹಾ ಇಲ್ಲ. ಕಾಲು ಗಂಟೆ ಬಿಟ್ಟು ಎದ್ದರೆ ಹಲ್ಲುಜ್ಜುವವರೆಗೆ ಹೋಗಬಹುದಿತ್ತು. ಹಲ್ಲುಜ್ಜುವುದನ್ನೂ ತಿಂಡಿಯಾದ ಮೇಲಕ್ಕೆ ಮುಂದೂಡಿದೆ. ಅತ್ತೆಗೆ ಇದು ಸರಿಬರಲಿಲ್ಲ, ಆದರೆ ಬಚ್ಚಲಿನಿಂದ ಬರುವ ಸದ್ದು ಅವರಿಗೂ ಕೇಳಿಸುತ್ತಿತ್ತಲ್ಲ, ಸುಮ್ಮನಾದರು. ನಡುರಾತ್ರಿ ಮೂತ್ರಕ್ಕೆ ಎದ್ದಾಗಲೂ ಎರಡು ರಸ್ಕ್ ತಿನ್ನುವ ಅಭ್ಯಾಸ ಮಾಡಿಕೊಂಡೆ. ಬೆಳಗಿನ ವಾಂತಿಯನ್ನು ಹೆಚ್ಚು ತಗ್ಗಿಸಿದ್ದು ಆ ರಾತ್ರಿಯ ತುತ್ತು ಎಂದೇ ಈಗಲೂ ನನಗೆ ಅನ್ನಿಸುತ್ತದೆ.

ಎರಡನೆಯದು, ಗಟ್ಟಿ ಊಟವನ್ನೂ ನೀರನ್ನೂ ಬೇರೆ ಮಾಡಿದ್ದು. ಅನ್ನದ ಜೊತೆ ದೊಡ್ಡ ಲೋಟ ಮಜ್ಜಿಗೆ ಕುಡಿದರೆ ಹೊಟ್ಟೆ ಬಿಗಿದು ಎರಡೂ ಮೇಲೆ ಬರುತ್ತಿದ್ದವು. ಊಟವಾಗಿ ಅರ್ಧ ಗಂಟೆ ಬಿಟ್ಟು, ಒಮ್ಮೆಗೆ ನಾಲ್ಕೈದು ಗುಟುಕಿನಂತೆ ಎಳನೀರು, ತೆಳು ಮಜ್ಜಿಗೆ, ಉಪ್ಪು ಬೆರೆಸಿದ ಗಂಜಿ ತಿಳಿ ಕುಡಿದರೆ ನಿಲ್ಲುತ್ತಿತ್ತು. ಮೂರನೆಯದು ವಾಸನೆ. ಒಗ್ಗರಣೆಯ ಹೊಗೆಯೂ ಬಸ್ ನಿಲ್ದಾಣದ ಬಳಿಯ ಮೀನಿನ ಬುಟ್ಟಿಗಳೂ ಒಂದೇ ಕ್ಷಣದಲ್ಲಿ ನನ್ನನ್ನು ಮಣಿಸುತ್ತಿದ್ದವು. ಬಿಸಿ ಅಡುಗೆಗಿಂತ ಆರಿದ ಅಡುಗೆ ಕಡಿಮೆ ಘಮಘಮಿಸುತ್ತದೆ. ಆದ್ದರಿಂದ ಎರಡು ತಿಂಗಳು ನನ್ನ ಮಧ್ಯಾಹ್ನದ ಊಟ ತಣಿದ ಕುಚಲಕ್ಕಿ ಗಂಜಿ, ನೆಕ್ಕಲು ಒಂದು ಚೂರು ಮಾವಿನ ಮಿಡಿ, ಒಗ್ಗರಣೆ ಹಾಕದ ಶುಂಠಿ ತಂಬುಳಿ. ಆಯಿ ಶಿರಸಿಯಿಂದ ಫೋನಿನಲ್ಲಿ ಹೇಳಿಕೊಟ್ಟ ಅಳತೆ ಇಷ್ಟೇ: ಹೆಬ್ಬೆರಳ ತುದಿಯಷ್ಟು ಹಸಿ ಶುಂಠಿ, ಒಂದು ಹಿಡಿ ಕಾಯಿತುರಿ, ಚಿಟಿಕೆ ಜೀರಿಗೆ, ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಶುಂಠಿ ವಾಕರಿಕೆಯನ್ನು ತಗ್ಗಿಸುತ್ತದೆ ಎಂಬುದು ಆಯಿಯ ನಂಬಿಕೆ ಮಾತ್ರವಲ್ಲ, ಪರೀಕ್ಷೆಗಳಲ್ಲೂ ಕಂಡಿದೆ. ಆದರೆ ಅದಕ್ಕೂ ಮಿತಿಯಿದೆ. ಒಣ ಶುಂಠಿ ಪುಡಿಯಾದರೆ ದಿನಕ್ಕೆ ಅರ್ಧ ಚಮಚ, ಅಂದರೆ ಸುಮಾರು ಒಂದು ಗ್ರಾಂ ಸಾಕು. ಹೆಚ್ಚಾದರೆ ಅದೇ ಎದೆ ಉರಿಸುತ್ತದೆ.

ಇಷ್ಟಾದರೂ ಒಂಬತ್ತನೆಯ ವಾರದಲ್ಲಿ ದಿನಕ್ಕೆ ಐದು ಸಲ ವಾಂತಿ. 54 ಕೆಜಿ ಇದ್ದವಳು 52ಕ್ಕೆ ಇಳಿದಿದ್ದೆ. ಈ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು: ಬಸಿರಿಗೆ ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ಅದು ಸಾಮಾನ್ಯ ಬಸಿರು ವಾಂತಿಯಲ್ಲ. ನನಗೆ ಆ ಗೆರೆ 51.3 ಕೆಜಿಯಲ್ಲಿತ್ತು. ಇಡೀ ದಿನ ಕುಡಿದದ್ದು ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ಅಥವಾ ಚಹಾದ ಬಣ್ಣದ್ದಾಗಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಜೊತೆಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಾನು ಗೆರೆ ಮುಟ್ಟುವ ಮೊದಲೇ ಹೋದೆ. ಮೈ ಹಸಿದು ಕೊಬ್ಬನ್ನು ಕರಗಿಸುವಾಗ ಮೂತ್ರದಲ್ಲಿ ಕಾಣುವ ಕೀಟೋನ್ ಇರಲಿಲ್ಲ, ಡ್ರಿಪ್ ಬೇಕಾಗಲಿಲ್ಲ.

ವೈದ್ಯೆ ಬರೆದುಕೊಟ್ಟದ್ದು ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ. ಬಸಿರು ವಾಂತಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಇದನ್ನೇ. ಬೆಳಗಿನ ಸಂಕಟಕ್ಕೆ ಇದನ್ನು ಬೆಳಿಗ್ಗೆ ಅಲ್ಲ, ರಾತ್ರಿ ಮಲಗುವಾಗ ನುಂಗಬೇಕು. ಹೊರಪದರ ನಿಧಾನವಾಗಿ ಕರಗಿ, ಏಳುವ ಹೊತ್ತಿಗೆ ಕೆಲಸ ಶುರುವಾಗುತ್ತದೆ. ನಿದ್ದೆಯೂ ಚೆನ್ನಾಗಿ ಎಳೆಯುತ್ತದೆ. ಮರುದಿನ ಹತ್ತು ಗಂಟೆಯವರೆಗೂ ನನಗೆ ತೂಕಡಿಕೆ, ಸ್ಕೂಟರ್ ಮುಟ್ಟಲಿಲ್ಲ. ನನ್ನ ಚೀಲದಲ್ಲಿ ಸಹೋದ್ಯೋಗಿಯೊಬ್ಬಳು ಕೊಟ್ಟ ಒಂಡನ್ಸೆಟ್ರಾನ್ ಪಟ್ಟಿಯೂ ಇತ್ತು. ಔಷಧಿ ಅಂಗಡಿಯಲ್ಲಿ ವಾಂತಿ ಎಂದರೆ ಕೈಗೆ ಬರುವುದು ಹೆಚ್ಚಾಗಿ ಅದೇ. ಅದರ ಬಗ್ಗೆ ವೈದ್ಯೆ ಹೇಳಿದ್ದು: ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡರೆ ಮಗುವಿಗೆ ಸೀಳುತುಟಿ, ಸೀಳಂಗಳ ಆಗುವ ಸಾಧ್ಯತೆ ತುಸು ಹೆಚ್ಚು, ಹತ್ತು ಸಾವಿರಕ್ಕೆ ಸುಮಾರು ಮೂರು ಮಕ್ಕಳಷ್ಟು. ಹೆದರುವಷ್ಟಲ್ಲ, ಬೇರೆ ಮಾತ್ರೆ ಕೆಲಸ ಮಾಡದಾಗ ಅವರೂ ಬರೆಯುತ್ತಾರೆ. ಆದರೆ ಆ ತೂಗಿನೋಡುವ ಕೆಲಸ ವೈದ್ಯರದು, ನನ್ನ ಚೀಲದ್ದಲ್ಲ.

ಹದಿನೈದನೆಯ ವಾರಕ್ಕೆ ವಾಂತಿ ನಿಂತಿತು. ಇಪ್ಪತ್ತೈದಕ್ಕೆ ಎದೆ ಉರಿ ಹಿಡಿಯಿತು. ಅನ್ನನಾಳದ ಬುಡದಲ್ಲಿ ಹೊಟ್ಟೆಯ ಬಾಯಿ ಮುಚ್ಚುವ ಸ್ನಾಯು ಬಸಿರಿನ ಹಾರ್ಮೋನಿನಿಂದ ಸಡಿಲವಾಗಿರುತ್ತದೆ, ಕೆಳಗಿನಿಂದ ಬೆಳೆಯುವ ಗರ್ಭಕೋಶ ಹೊಟ್ಟೆಯನ್ನು ಒತ್ತುತ್ತದೆ. ಆಮ್ಲಕ್ಕೆ ದಾರಿ ಮೇಲಕ್ಕೇ. ಮೊದಲ ತಿಂಗಳುಗಳಲ್ಲಿ ನನ್ನನ್ನು ಕಾಪಾಡಿದ ಮಿಡಿ, ಅಪ್ಪೆಹುಳಿ, ನಿಂಬೆ ಎಲ್ಲ ಈಗ ವೈರಿಗಳಾದವು. ಊಟ ಏಳು ಗಂಟೆಗೆ ಮುಗಿಸಿ, ಹತ್ತರ ಮೊದಲು ಒರಗದೆ, ಎಡಮಗ್ಗುಲಿಗೆ ಮಲಗಿದೆ. ಮೂರು ದಿಂಬು ಇಟ್ಟೂ ನೋಡಿದೆ. ಸೊಂಟದಲ್ಲಿ ಮಡಿಚಿಕೊಂಡು ಹೊಟ್ಟೆ ಇನ್ನಷ್ಟು ಒತ್ತಿತು. ಕೊನೆಗೆ ಯಜಮಾನರು ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಚಿರೆಕಲ್ಲಿನ ತುಂಡು ಇಟ್ಟು ಅರ್ಧ ಅಡಿ ಎತ್ತರಿಸಿದರು. ಇಡೀ ಮೈ ಇಳಿಜಾರಾಗಬೇಕು, ತಲೆ ಮಾತ್ರವಲ್ಲ. ಆ ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಬಂತು.

ಅದಕ್ಕೂ ಮೊದಲು ಎರಡು ಸಲ ಅತ್ತೆ ಕೊಟ್ಟ ಅಡುಗೆ ಸೋಡಾದ ನೀರು ಕುಡಿದಿದ್ದೆ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನೀರಿಗೆ ಹಾಕಿದರೆ ನೊರೆಯೇಳುವ ಪುಡಿಗಳಲ್ಲೂ ಮುಖ್ಯವಾಗಿ ಇರುವುದು ಅದೇ ಅಡುಗೆ ಸೋಡಾ. ತಕ್ಷಣ ತಂಪು. ಆದರೆ ಅದರ ಸೋಡಿಯಂ ರಕ್ತಕ್ಕೆ ಸೇರಿ ನೀರನ್ನು ಹಿಡಿದಿಡುತ್ತದೆ, ಮತ್ತೆ ಮತ್ತೆ ಕುಡಿದರೆ ಕಾಲು ಬಾವು ಹೆಚ್ಚಬಹುದು, ರಕ್ತದ ಕ್ಷಾರ ಏರುಪೇರಾಗಬಹುದು. ಬಸುರಿಯರಿಗೆ ಅದು ಬೇಡ. ಅದರ ಬದಲು ವೈದ್ಯೆಯನ್ನು ಕೇಳಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಬಿಳಿ ದ್ರವ ಔಷಧಿ ತಂದೆ. ಕೆಲವು ಬಾಟಲಿಗಳಲ್ಲಿ ಮರಗಟ್ಟಿಸುವ ಔಷಧಿಯೂ ಬೆರೆತಿರುವುದರಿಂದ ಚೀಟಿ ಓದಿ ಕೊಳ್ಳಬೇಕು. ಪ್ಯಾಂಟೊಪ್ರಜೋಲ್‌ನಂತಹ ಆಮ್ಲ ತಡೆಯುವ ಮಾತ್ರೆಗಳನ್ನೂ ಬಸಿರಿನಲ್ಲಿ ಕೊಡುತ್ತಾರೆ, ವೈದ್ಯರು ನೋಡಿದ ಮೇಲೆ. ಮನೆಯಲ್ಲಿ ಉಳಿದ ಹೊಟ್ಟೆಹುಣ್ಣಿನ ಅಥವಾ ಕೀಲುನೋವಿನ ಮಾತ್ರೆಯನ್ನು ಮಾತ್ರ ಮುಟ್ಟಬಾರದು. ಕೆಲವುಗಳಲ್ಲಿ ಮಿಸೊಪ್ರೊಸ್ಟಾಲ್ ಇರುತ್ತದೆ, ಅದು ಗರ್ಭಪಾತಕ್ಕೆ ಬಳಸುವ ಔಷಧಿ.

ಬಿಳಿ ಔಷಧಿಯಿಂದ ಉರಿ ತಗ್ಗಿತು, ಆದರೆ 28ನೆಯ ವಾರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.1. ದಿನಾ ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದ್ದೆ. ನನ್ನ ದಿನಚರಿಯನ್ನು ಕಾಗದದ ಮೇಲೆ ಬರೆದಾಗ ಕಾರಣ ಕಂಡಿತು: ಮಾತ್ರೆ ರಾತ್ರಿ ಊಟದ ನಂತರ, ಔಷಧಿಯೂ ರಾತ್ರಿ ಊಟದ ನಂತರ. ಕಬ್ಬಿಣ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು, ನಾನು ಅದನ್ನು ಅದೇ ಹೊತ್ತಿಗೆ ಕುಗ್ಗಿಸುತ್ತಿದ್ದೆ. ಬೇರೆಯವರಿಗೆ ‘ಎರಡು ಗಂಟೆ ಅಂತರವಿರಲಿ’ ಎಂದು ಹೇಳುತ್ತಿದ್ದವಳು ನಾನೇ. ಮರುದಿನದಿಂದ ಕಬ್ಬಿಣದ ಮಾತ್ರೆ ಹನ್ನೊಂದು ಗಂಟೆಗೆ, ತಿಂಡಿಯಾಗಿ ಎರಡು ಗಂಟೆ ಬಿಟ್ಟು, ಬರೀ ನೀರಿನಲ್ಲಿ. ನಿಂಬೆರಸದೊಡನೆ ಇನ್ನೂ ಚೆನ್ನಾಗಿ ಸೇರುತ್ತದೆ, ನನ್ನ ಎದೆ ಒಪ್ಪಲಿಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಮತ್ತು ರಾತ್ರಿಯ ಊಟದೊಂದಿಗೆ, ಏಕೆಂದರೆ ಅದೂ ಕಬ್ಬಿಣವನ್ನು ತಡೆಯುತ್ತದೆ. ಬಿಳಿ ಔಷಧಿ ಮಲಗುವಾಗ. 33ನೆಯ ವಾರಕ್ಕೆ ಹಿಮೋಗ್ಲೋಬಿನ್ 11 ಆಯಿತು.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಎರಡನೆಯ ತಿಂಗಳಲ್ಲಿ ಎಂಟು ತಿಂಗಳ ಬಸುರಿಯೊಬ್ಬಳು ಬಂದಳು. ‘ಅಕ್ಕ, ಗ್ಯಾಸ್ ಆಗಿದೆ, ಆ ಬಿಳಿ ಔಷಧಿ ನಿನ್ನೆಯಿಂದ ಕುಡಿದೆ, ಇಳಿಯಲಿಲ್ಲ’ ಎಂದಳು. ಎಲ್ಲಿ ಎಂದು ಕೇಳಿದೆ. ಎದೆಯ ನಡುವೆ ಕೈಯಿಡಲಿಲ್ಲ, ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ತೋರಿಸಿದಳು. ಹುಳಿತೇಗು ಇಲ್ಲ, ಮಲಗಿದರೂ ಕುಳಿತರೂ ಒಂದೇ. ಬೆಳಿಗ್ಗೆಯಿಂದ ತಲೆನೋವು, ಕಣ್ಣೆದುರು ಮಿಣುಕು. ರಕ್ತದೊತ್ತಡ 156/104, ಮೂತ್ರದಲ್ಲಿ ಪ್ರೋಟೀನ್. ಅದು ಗ್ಯಾಸ್ ಅಲ್ಲ, ಏರಿದ ರಕ್ತದೊತ್ತಡ ಯಕೃತ್ತಿನವರೆಗೆ ಮುಟ್ಟಿದ್ದು. 108ಕ್ಕೆ ಫೋನ್ ಮಾಡಿ ಎಡಮಗ್ಗುಲಿಗೆ ಮಲಗಿಸಿಕೊಂಡು ಕಾರವಾರಕ್ಕೆ ಜೊತೆಯಲ್ಲೇ ಹೋದೆ. ಮರುದಿನ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು, ಹೆಣ್ಣು ಮಗು, ತೂಕ 1.9 ಕೆಜಿ, ಹನ್ನೆರಡು ದಿನ ನವಜಾತ ಶಿಶು ಘಟಕದಲ್ಲಿತ್ತು. ಈಗ ಏಳನೆಯ ತಿಂಗಳಿನ ಮೇಲೆ ಯಾರು ಗ್ಯಾಸ್ ಎಂದರೂ ಔಷಧಿಯ ಕಪಾಟು ತೆರೆಯುವ ಮೊದಲು ನಾನು ಅವರ ತೋಳಿಗೆ ಪಟ್ಟಿ ಕಟ್ಟುತ್ತೇನೆ.